100 ಪೌಂಡ್ ವೆಲ್ಕಮ್ ಬೋನಸ್: ನಿಜಕ್ಕೂ ಎಷ್ಟು ಆಡಬೇಕು, ಕೈಗೆ ಎಷ್ಟು ಉಳಿಯುತ್ತದೆ?

ಲೀಡ್ಸ್‌ವಾಸಿ
ಎಲ್ಲರಿಗೂ ನಮಸ್ಕಾರ. ಎರಡು ಆಫರ್ ಮುಂದಿಟ್ಟುಕೊಂಡು ಕೂತಿದ್ದೇನೆ, ಲೆಕ್ಕ ಸರಿಹೋಗುತ್ತಿಲ್ಲ.

ಮೊದಲನೆಯದು ಇಲ್ಲಿನ ಬ್ರಿಟಿಷ್ ಲೈಸೆನ್ಸ್ ಇರುವ ಕ್ಯಾಸಿನೋ. 100 ಪೌಂಡ್ ಹಾಕಿದರೆ ಇನ್ನು 100 ಬೋನಸ್. ವೇಜರಿಂಗ್, ಅಂದರೆ ಬೋನಸ್ ತೆಗೆಯುವ ಮೊದಲು ಆಡಲೇಬೇಕಾದ ಮೊತ್ತ, 10x, ಸ್ಲಾಟ್ ಆಟಗಳಿಗೆ ಮಾತ್ರ, 30 ದಿನ ಗಡುವು, ಒಂದು ಸ್ಪಿನ್‌ಗೆ ಹೆಚ್ಚೆಂದರೆ 5 ಪೌಂಡ್.

ಎರಡನೆಯದು ಟೆಲಿಗ್ರಾಮ್‌ನಲ್ಲಿ ಬಂದ ಲಿಂಕ್. 100 ಹಾಕಿದರೆ 200 ಬೋನಸ್. ಷರತ್ತಿನಲ್ಲಿ 35x (D+B) ಅಂತಿದೆ. ಕ್ರಿಪ್ಟೋದಲ್ಲಿ ಹಣ ಹಾಕಬೇಕಂತೆ. ಗರಿಷ್ಠ ವಿತ್‌ಡ್ರಾ ಡೆಪಾಸಿಟ್‌ನ 5 ಪಟ್ಟು.

ಬೋನಸ್ ದೊಡ್ಡದಿರುವುದು ಎರಡನೆಯದರಲ್ಲಿ. ಆದರೆ ಒಟ್ಟು ಎಷ್ಟು ಮೊತ್ತದ ಆಟ ಆಡಬೇಕಾಗುತ್ತದೆ? ಆಮೇಲೆ ಉಳಿಯುವುದೆಷ್ಟು?

ತಾಳೆಪಟ್ಟಿ
ಮೊದಲು ಪಟ್ಟು ಯಾವುದರ ಮೇಲೆ ಅಂತ ನೋಡಿ. 10x ಅಂದರೆ ಬೋನಸ್‌ನ ಹತ್ತು ಪಟ್ಟು. D+B ಅಂದರೆ ನೀವು ಹಾಕಿದ ಹಣ ಮತ್ತು ಬೋನಸ್ ಎರಡನ್ನೂ ಕೂಡಿ, ಆ ಮೊತ್ತದ ಪಟ್ಟು. ಅಷ್ಟರಲ್ಲೇ ಚಿತ್ರ ಬದಲಾಗುತ್ತದೆ.

ಮೊದಲನೆಯದು: 100 × 10, ಅಂದರೆ 1,000 ಪೌಂಡ್ ಮೊತ್ತದ ಸ್ಪಿನ್‌ಗಳು. ಒಂದು ಪೌಂಡಿನ ಸ್ಪಿನ್ ಆದರೆ ಸಾವಿರ ಸ್ಪಿನ್. ಇಲ್ಲಿನ ನಿಯಮದಂತೆ ಆನ್‌ಲೈನ್ ಸ್ಲಾಟ್‌ನಲ್ಲಿ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಹಿಡಿಯಲೇಬೇಕು, ತಾನಾಗಿ ತಿರುಗುವ ಆಟೋಪ್ಲೇ ಇಲ್ಲ. ಹಾಗಾಗಿ ಬೆರಳು ಒತ್ತುತ್ತಾ ಕೂತರೂ 41 ನಿಮಿಷದೊಳಗೆ ಮುಗಿಯದು. 10 ಪೆನ್ನಿ ಸ್ಪಿನ್ ಆದರೆ ಹತ್ತು ಸಾವಿರ ಸ್ಪಿನ್, ಸುಮಾರು ಏಳು ಗಂಟೆ.

ಎರಡನೆಯದು: 100 + 200 = 300. ಅದರ 35 ಪಟ್ಟು 10,500 ಪೌಂಡ್.

ಈಗ ಖರ್ಚು. ಸ್ಲಾಟ್‌ನ ಆರ್‌ಟಿಪಿ, ಅಂದರೆ ಆಡಿದ್ದರಲ್ಲಿ ಸರಾಸರಿ ವಾಪಸ್ ಬರುವ ಪಾಲು, 96 ಪರ್ಸೆಂಟ್ ಅಂದುಕೊಳ್ಳೋಣ. ಆಡಿದ ಪ್ರತಿ 100 ಪೌಂಡಿಗೆ ಸರಾಸರಿ 4 ಪೌಂಡ್ ಕ್ಯಾಸಿನೋ ಪಾಲು. ಮೊದಲನೆಯದರಲ್ಲಿ ಸಾವಿರಕ್ಕೆ 40 ಹೋಗುತ್ತದೆ, ಬೋನಸ್ 100ರಲ್ಲಿ 60 ಉಳಿಯಿತು. ಎರಡನೆಯದರಲ್ಲಿ 10,500ಕ್ಕೆ 420 ಹೋಗಬೇಕು, ಆದರೆ ಖಾತೆಯಲ್ಲಿ ಇರುವುದೇ 300. ನಾಲ್ಕು ಪರ್ಸೆಂಟ್‌ನಂತೆ ಕರಗುತ್ತಾ ಹೋದರೆ ಸುಮಾರು 7,500 ಆಡುವಷ್ಟರಲ್ಲಿ ಖಾತೆ ಖಾಲಿ. ಗುರಿ ಇನ್ನೂ 3,000 ದೂರದಲ್ಲಿರುತ್ತದೆ.

ಇನ್ನೊಂದು ವಿಷಯ. 2026ರ ಜನವರಿ 19ರಿಂದ ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ವೇಜರಿಂಗ್‌ಗೆ ಬೋನಸ್‌ನ 10 ಪಟ್ಟಿನ ಮಿತಿ ಹಾಕಿದೆ. 35x ಅಂತ ಬರೆದಿದೆ ಅಂದರೆ ಅದು ಇಲ್ಲಿನ ಲೈಸೆನ್ಸ್ ಇಟ್ಟುಕೊಂಡ ಸೈಟ್ ಅಲ್ಲ. ಪುಟದ ಅಡಿಯಲ್ಲಿ ಲೈಸೆನ್ಸ್ ನಂಬರ್ ಇದ್ದರೂ ಅದನ್ನು ಕಮಿಷನ್ನಿನ ರಿಜಿಸ್ಟರ್‌ನಲ್ಲಿ ಹಾಕಿ, ಡೊಮೇನ್ ಹೆಸರು ಹೊಂದುತ್ತದಾ ನೋಡಿ. ಬೇರೆಯವರ ನಂಬರ್ ಕದ್ದು ಹಾಕಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಧಾರವಾಡಪೇಡಾ
ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಆರ್‌ಟಿಪಿ 96 ಅಂದ್ರ ನೂರು ಹಾಕಿದ್ರ 96 ವಾಪಸ್ ಬರ್ತೈತಿ. 300 ಇದ್ರ 288 ಉಳೀತೈತಿ. ಹತ್ತು ಪಟ್ಟೇನ, ಮೂವತ್ತೈದು ಪಟ್ಟೇನ, ಎಲ್ಲಾ ಒಂದ. ಅದೂ ಬ್ಯಾಡ ಅಂದ್ರ ಬ್ಲ್ಯಾಕ್‌ಜಾಕ್ ಆಡ್ರಿ. ಅದ್ರಾಗ 99.5 ವಾಪಸ್ ಬರ್ತೈತಿ, ಸ್ಲಾಟ್‌ಗಿಂತ ಭಾಳ ಸೋವಿ.

ತಾಳೆಪಟ್ಟಿ
ಪೇಡಾ ಅವರೇ, 96 ಅನ್ನುವುದು ಖಾತೆಗೆ ಹಾಕಿದ ಹಣಕ್ಕಲ್ಲ, ಒಂದೊಂದು ಸ್ಪಿನ್‌ಗೆ. 300 ಪೌಂಡನ್ನು ಒಂದು ಸಲ ಪೂರ್ತಿ ತಿರುಗಿಸಿದರೆ 288. ಆ 288ನ್ನು ಮತ್ತೆ ತಿರುಗಿಸಿದರೆ 276ರ ಹತ್ತಿರ. ವೇಜರಿಂಗ್ ಅನ್ನುವುದೇ ಅದೇ ಹಣವನ್ನು ಮತ್ತೆ ಮತ್ತೆ ತಿರುಗಿಸುವಂತೆ ಮಾಡುವ ಷರತ್ತು. ಪ್ರತಿ ಸುತ್ತಿನಲ್ಲೂ ನಾಲ್ಕು ಪರ್ಸೆಂಟ್ ಕತ್ತರಿ.

ಬ್ಲ್ಯಾಕ್‌ಜಾಕ್ ಬಗ್ಗೆ ನೀವು ಹೇಳಿದ್ದು ಅರ್ಧ ಸರಿ. ಕೈಯಲ್ಲಿರುವ ಎಲೆಗೆ ತಕ್ಕ ಸರಿಯಾದ ನಡೆಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಅದರಂತೆಯೇ ಆಡಿದರೆ ಕ್ಯಾಸಿನೋ ಪಾಲು ಸುಮಾರು ಅರ್ಧ ಪರ್ಸೆಂಟ್. ಆದರೆ ಅದು ಅವರಿಗೂ ಗೊತ್ತು. ಅದಕ್ಕೇ ಷರತ್ತುಗಳ ಒಳಗೆ ಆಟವಾರು ಎಣಿಕೆಯ ಪಟ್ಟಿ ಇರುತ್ತದೆ: ಸ್ಲಾಟ್ 100, ರೂಲೆಟ್ ಮತ್ತು ಬ್ಲ್ಯಾಕ್‌ಜಾಕ್ 10 ಅಥವಾ 20, ಕೆಲವು ಕಡೆ ಸೊನ್ನೆ. ಲೀಡ್ಸ್ ಅವರ ಮೊದಲ ಆಫರ್‌ನಲ್ಲಿ ಬ್ಲ್ಯಾಕ್‌ಜಾಕ್ ಎಣಿಕೆಗೇ ಇಲ್ಲ. ಎರಡನೆಯದರಲ್ಲಿ 10 ಪರ್ಸೆಂಟ್ ಎಣಿಸುತ್ತಾರೆ ಅಂದುಕೊಳ್ಳಿ. ಆಗ ಒಂದು ಪೌಂಡ್ ಕಟ್ಟಿದರೆ ಹತ್ತು ಪೆನ್ನಿ ಮಾತ್ರ ಲೆಕ್ಕಕ್ಕೆ. 10,500 ತುಂಬಲು 1,05,000 ಪೌಂಡ್ ಆಡಬೇಕು. ಅದರ ಅರ್ಧ ಪರ್ಸೆಂಟ್ 525. ಸ್ಲಾಟ್‌ನ 420ಕ್ಕಿಂತ ಜಾಸ್ತಿ. ಎಣಿಕೆ 20 ಇದ್ದರೆ ಮಾತ್ರ ಅದು 262ಕ್ಕೆ ಇಳಿದು ಸೋವಿ ಅನ್ನಿಸುತ್ತದೆ. ಒಂದೇ ಸೊನ್ನೆಯ ರೂಲೆಟ್‌ನಲ್ಲಿ 2.7 ಪರ್ಸೆಂಟ್ ಪಾಲು. ಅದೇ 10ರ ಎಣಿಕೆಯಲ್ಲಿ ಖರ್ಚು 2,800 ದಾಟುತ್ತದೆ.

ಧಾರವಾಡಪೇಡಾ
ಹೌದಲ್ಲ, ಎಣಿಕಿ ಪಟ್ಟಿ ನಾ ನೋಡಿರಲೇ ಇಲ್ಲ. ಗೊತ್ತಾತು. ಆದ್ರ 20 ಇದ್ರ ನಂದ ಸರಿ, ಅಷ್ಟಂತೂ ಒಪ್ಕೋರಿ.

ತಾಳೆಪಟ್ಟಿ
20 ಇದ್ದರೆ ನಿಮ್ಮದೇ ಸರಿ, ಒಪ್ಪಿದೆ.

ಕೆಂಪುಬಸ್ಸು
ನನ್ನದೂ ಇದೇ ಪ್ರಶ್ನೆ. 10 ಪೌಂಡ್ ಫುಟ್‌ಬಾಲ್‌ಗೆ ಕಟ್ಟಿದರೆ 30 ಪೌಂಡ್ ಫ್ರೀ ಬೆಟ್ ಅಂತ ಬಂದಿದೆ. ಇದನ್ನು ಹತ್ತರಿಂದ ಗುಣಿಸಿ 300 ಪೌಂಡ್ ಆಡಬೇಕಾ?

ಶರಾವತಿ_ಎಸ್
ಇಲ್ಲ, ಅದು ಬೇರೆ ಜಾತಿ. ಬಹುತೇಕ ಫ್ರೀ ಬೆಟ್‌ಗೆ ವೇಜರಿಂಗ್ ಇರುವುದಿಲ್ಲ, ಒಮ್ಮೆ ಕಟ್ಟಿದರೆ ಮುಗಿಯಿತು. ಅದರ ಕಡಿತ ಬೇರೆ ರೀತಿ: ಗೆದ್ದಾಗ ಲಾಭ ಮಾತ್ರ ಬರುತ್ತದೆ, ಕಟ್ಟಿದ 30 ವಾಪಸ್ ಬರುವುದಿಲ್ಲ. ಒಂದಕ್ಕೊಂದು ದರದ ಪಂದ್ಯಕ್ಕೆ ಕಟ್ಟಿದರೆ ಅರ್ಧ ಸಲ 30 ಬರುತ್ತದೆ, ಅರ್ಧ ಸಲ ಏನೂ ಇಲ್ಲ, ಸರಾಸರಿ 15. ಒಂದಕ್ಕೆ ಐದು ದರಕ್ಕೆ ಕಟ್ಟಿದರೆ ಆರರಲ್ಲಿ ಒಂದು ಸಲ 150, ಅಂದರೆ ಸರಾಸರಿ 25. ಎರಡರಲ್ಲೂ ಬುಕ್ಕಿ ತನ್ನ ಪಾಲನ್ನು ದರದಲ್ಲೇ ತೆಗೆದಿರುತ್ತಾನೆ, ಹಾಗಾಗಿ ಇನ್ನಷ್ಟು ಕಳೆಯಿರಿ. ಕನಿಷ್ಠ ದರ ಮತ್ತು ಗಡುವು ನೋಡಿಕೊಳ್ಳಿ, ಏಳೇ ದಿನ ಇರುವುದುಂಟು. ಇದಕ್ಕೆ ಬೇರೆ ಎಳೆ ತೆರೆದರೆ ಒಳ್ಳೆಯದು, ಇಲ್ಲಿ ಕಲಸಿಹೋಗುತ್ತದೆ.

ಲೀಡ್ಸ್ ಅವರಿಗೆ ಒಂದು ಮಾತು. ತಾಳೆಪಟ್ಟಿಯವರು 96 ಹಿಡಿದು ಲೆಕ್ಕ ಹಾಕಿದ್ದಾರೆ. ಒಂದೇ ಸ್ಲಾಟ್‌ ಅನ್ನು ತಯಾರಕರು ಬೇರೆ ಬೇರೆ ಆರ್‌ಟಿಪಿಯಲ್ಲಿ ಕೊಡುತ್ತಾರೆ. ಹೆಸರು, ಚಿತ್ರ, ಸದ್ದು ಎಲ್ಲ ಅದೇ, ಒಂದು ಕ್ಯಾಸಿನೋದಲ್ಲಿ 96, ಇನ್ನೊಂದರಲ್ಲಿ 94. ವಿಮರ್ಶೆ ಪುಟಗಳಲ್ಲಿ ಬರೆದ ಅಂಕಿ ನಂಬಬೇಡಿ. ನಿಮ್ಮ ಖಾತೆಯಲ್ಲೇ ಆಟ ತೆರೆದು, ನಿಯಮಗಳ ಪುಟದ ಕೊನೆಯವರೆಗೆ ಹೋದರೆ ಅಲ್ಲಿ ಇರುತ್ತದೆ. 94 ಇದ್ದರೆ ಸಾವಿರಕ್ಕೆ 60 ಖರ್ಚು, ಉಳಿಯುವುದು 40.

ಬೋನಸ್ ಯಾವ ಪಟ್ಟಿನಲ್ಲಿ ಪೂರ್ತಿ ಕರಗುತ್ತದೆ ಅಂತ ತಿಳಿಯಲು ನೂರನ್ನು ಕ್ಯಾಸಿನೋ ಪಾಲಿನಿಂದ ಭಾಗಿಸಿ. 4 ಪರ್ಸೆಂಟ್ ಆಟಕ್ಕೆ 25 ಪಟ್ಟು, 6 ಪರ್ಸೆಂಟ್ ಆಟಕ್ಕೆ 16 ಮುಕ್ಕಾಲಿನ ಹತ್ತಿರ. ಅದಕ್ಕಿಂತ ಮೇಲಿನ ಷರತ್ತು ಇದ್ದರೆ ಸರಾಸರಿಯಲ್ಲಿ ನಿಮ್ಮ ಹಣವೇ ಹೋಗುವುದು.

ಒಂದೂಕಾಲು
ಆ ಭಾಗಾಕಾರದಲ್ಲಿ ಒಂದು ಹುಳುಕಿದೆ. ಖಾತೆ ಖಾಲಿಯಾದ ಮೇಲೆ ಯಾರೂ ಆಡುವುದಿಲ್ಲ. ಹಾಗಾಗಿ 10,500 ಪೂರ್ತಿ ಆಡಿ 420 ಕಳೆದುಕೊಳ್ಳುವುದು ಆಗದ ಮಾತು. ಖರ್ಚು ಬರುವುದು ನಿಜವಾಗಿ ಆಡಿದ ಮೊತ್ತದ ಮೇಲೆ ಮಾತ್ರ.

ಎರಡನೇ ಆಫರನ್ನೇ ತೆಗೆದುಕೊಳ್ಳಿ. ಬೆಟ್ ಮಿತಿ, ವಿತ್‌ಡ್ರಾ ಮಿತಿ ಎರಡೂ ಇಲ್ಲ, ರೂಲೆಟ್ ಪೂರ್ತಿ ಎಣಿಕೆಗೆ ಬರುತ್ತದೆ ಅಂದುಕೊಳ್ಳಿ. 300 ಪೌಂಡನ್ನು ಒಂದೇ ಸಲ ಒಂದೇ ನಂಬರಿಗೆ ಕಟ್ಟಿದರೆ 37ರಲ್ಲಿ 36 ಸಲ ಆಟ ಅಲ್ಲಿಗೇ ಮುಗಿಯಿತು, ಆಡಿದ್ದು 300 ಮಾತ್ರ. ಒಂದು ಸಲ 10,800 ಬರುತ್ತದೆ, ಆಗ ಉಳಿದ 10,200ನ್ನು ಸಣ್ಣ ಸಣ್ಣ ಬೆಟ್‌ನಲ್ಲಿ ಆಡಿ ಮುಗಿಸಬಹುದು. ಸರಾಸರಿ ಆಡುವ ಮೊತ್ತ 600ಕ್ಕೂ ಕಡಿಮೆ. ಅದರ 2.7 ಪರ್ಸೆಂಟ್ ಅಂದರೆ 16 ಪೌಂಡಿನಷ್ಟು. 100 ಹಾಕಿ ಸರಾಸರಿ 284. ಕಾಗದದ ಮೇಲೆ ಭರ್ಜರಿ ಲಾಭ!

ತಾಳೆಪಟ್ಟಿ
ಸರಿಯಾದ ಲೆಕ್ಕ. ಒಂದು ಸ್ಪಿನ್‌ಗೆ 5 ಪೌಂಡ್ ಮಿತಿ ಇರುವುದು ಈ ಕಾರಣಕ್ಕೇ. ಬೋನಸ್ ಚಾಲ್ತಿಯಲ್ಲಿರುವಾಗ ಒಂದೇ ಒಂದು ಸಲ 5.10 ಕಟ್ಟಿದರೂ ಗೆದ್ದದ್ದನ್ನು ಪೂರ್ತಿ ರದ್ದು ಮಾಡುವ ಷರತ್ತು ಇರುತ್ತದೆ. ಕೆಲವು ಸೈಟ್‌ಗಳಲ್ಲಿ ಪರದೆ ಆ ಬೆಟ್ಟನ್ನು ತಡೆಯುವುದಿಲ್ಲ, ಸುಮ್ಮನೆ ಬಿಡುತ್ತದೆ. ವಿತ್‌ಡ್ರಾ ಕೇಳಿದಾಗ ಲಾಗ್ ತೆಗೆದು ತೋರಿಸುತ್ತಾರೆ. ಬ್ರಿಟನ್ನಿನ ಸ್ಲಾಟ್‌ಗಳಲ್ಲಿ ಕಾನೂನಿನ ಮಿತಿಯೇ 25 ತುಂಬಿದವರಿಗೆ 5 ಪೌಂಡ್, 18ರಿಂದ 24ರವರಿಗೆ 2 ಪೌಂಡ್, ಆದ್ದರಿಂದ ಅಲ್ಲಿ ಈ ತಪ್ಪು ಕಡಿಮೆ.

ವಿತ್‌ಡ್ರಾ ಮಿತಿಯ ಕೆಲಸವೂ ಅದೇ. ಎರಡನೇ ಸೈಟ್ ಹೆಚ್ಚೆಂದರೆ 500 ಕೊಡುತ್ತದೆ. ನಿಮ್ಮ ಸರಾಸರಿ 284 ಪೂರ್ತಿ ನಿಂತಿರುವುದು ಆ ಒಂದು 10,800ರ ಮೇಲೆ. ಅದನ್ನು 500ಕ್ಕೆ ಕತ್ತರಿಸಿ 37ರಿಂದ ಭಾಗಿಸಿದರೆ 14 ಪೌಂಡೂ ಬರುವುದಿಲ್ಲ. ಹಾಕಿದ್ದು 100.

ಒಂದೂಕಾಲು
ಮಿತಿ ಇದ್ದರೆ ಸತ್ತಂತೆ, ಒಪ್ಪುತ್ತೇನೆ. ಆದರೆ ಮಿತಿ ಇಲ್ಲದ ಕಡೆ 'ಪಟ್ಟು 25 ದಾಟಿದರೆ ನಷ್ಟ' ಅನ್ನುವ ಸೂತ್ರ ತಪ್ಪೇ. ಏರಿಳಿತ ಜಾಸ್ತಿ ಇರುವ ಸ್ಲಾಟ್ ಹಿಡಿದರೆ ಬಹಳ ಸಲ ಬೇಗ ಖಾಲಿಯಾಗುತ್ತದೆ, ಆಡುವ ಸರಾಸರಿ ಮೊತ್ತ ಇಳಿಯುತ್ತದೆ, ಬೆಲೆ ಏರುತ್ತದೆ.

ಶರಾವತಿ_ಎಸ್
ಸರಾಸರಿ ಏರುತ್ತದೆ, ಆದರೆ ಆಡುವವರು ಒಂದೇ ಸಲ ಆಡುತ್ತಾರೆ. ವೆಲ್ಕಮ್ ಬೋನಸ್ ಒಬ್ಬರಿಗೆ ಒಂದೇ. ಹತ್ತರಲ್ಲಿ ಒಂಬತ್ತು ಮಂದಿ ಹಾಕಿದ್ದನ್ನು ಪೂರ್ತಿ ಕಳೆದುಕೊಂಡು ಒಬ್ಬರಿಗೆ ದೊಡ್ಡದು ಬರುವ ಆಫರ್‌ಗೆ 'ಬೆಲೆ' ಅಂತ ಅಂಕಿ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಒಂದೂಕಾಲು
ಬೆಲೆ ಅಂದರೆ ಸರಾಸರಿಯೇ ಅಲ್ಲವೇ? ಬೇರೆ ಯಾವ ಅಂಕಿ ಹೇಳುತ್ತೀರಿ? ನಾನಂತೂ ಹೀಗೇ ಎಣಿಸುತ್ತೇನೆ.

ಜಯನಗರ4ನೇಬ್ಲಾಕ್
ಮೊದಲನೇ ಸೈಟನ್ನು ಬೆಂಗಳೂರಿನಿಂದ ವಿಪಿಎನ್ ಹಾಕಿ ತೆರೆಯಬಹುದಾ? 60 ಪೌಂಡ್ ಅಂದರೆ ನಮಗೆ ಆರು ಸಾವಿರ ರೂಪಾಯಿ ಮೇಲೆ.

ತಾಳೆಪಟ್ಟಿ
ಬೇಡ. ವಿಪಿಎನ್ ಬಳಸಿದರೆ ಖಾತೆ ಮುಚ್ಚುವ ಷರತ್ತು ಬಹುತೇಕ ಕಡೆ ಇದೆ. ಖಾತೆ ತೆರೆಯಲು ಬ್ರಿಟನ್ನಿನ ವಿಳಾಸ, ಗುರುತಿನ ದಾಖಲೆ ಕೇಳುತ್ತಾರೆ, ನಿಮ್ಮ ಬಳಿ ಅದು ಇರುವುದಿಲ್ಲ. ಇನ್ನು ಭಾರತದಲ್ಲಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಒದಗಿಸುವುದನ್ನೇ ನಿಷೇಧಿಸಿದೆ. ಒದಗಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ; ಬ್ಯಾಂಕುಗಳೂ ಅದಕ್ಕೆ ಹಣ ಸಾಗಿಸುವಂತಿಲ್ಲ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ ನಿಜ. ಆದರೆ ಅಲ್ಲಿ ಈಗ ನಿಮಗೆ ಬೋನಸ್ ಕೊಡುತ್ತೇನೆ ಅನ್ನುವ ಸೈಟ್ ಕಾನೂನಿನ ಹೊರಗಿದೆ, ಹಣ ನಿಂತರೆ ಕೇಳಲು ಬಾಗಿಲೇ ಇಲ್ಲ.

ಲೀಡ್ಸ್‌ವಾಸಿ
ಎರಡನೆಯದನ್ನು ಕೈಬಿಟ್ಟೆ. ಅದರ ಜಾಹೀರಾತಿನಲ್ಲೇ 'ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲ' ಅಂತ ಹೆಮ್ಮೆಯಿಂದ ಬರೆದಿದ್ದಾರೆ, ಈಗ ಕಣ್ಣಿಗೆ ಬಿತ್ತು.

ಶರಾವತಿ_ಎಸ್
ಆ ಸಾಲು ಕಂಡರೆ ಅಲ್ಲೇ ನಿಲ್ಲಿಸಿ. ಗ್ಯಾಮ್‌ಸ್ಟಾಪ್ ಅಂದರೆ ಜೂಜು ಬಿಡಲು ಬಯಸುವವರು ಹೆಸರು ಬರೆಸಿ ತಮ್ಮನ್ನೇ ಸೈಟ್‌ಗಳಿಂದ ತಡೆಸಿಕೊಳ್ಳುವ ವ್ಯವಸ್ಥೆ. ಇಲ್ಲಿ ಲೈಸೆನ್ಸ್ ಇರುವ ಆನ್‌ಲೈನ್ ಸೈಟ್‌ಗಳೆಲ್ಲ ಅದಕ್ಕೆ ಸೇರಲೇಬೇಕು. ಅದಕ್ಕೆ ಸೇರಿಲ್ಲ ಅಂದರೆ ಲೈಸೆನ್ಸ್ ಇಲ್ಲ ಅಂತ ಅವರೇ ಹೇಳಿದ ಹಾಗೆ. ಆಟ ಬಿಡಲು ತಾವಾಗಿ ಹೆಸರು ಬರೆಸಿಕೊಂಡವರನ್ನು ಗುರಿಯಿಟ್ಟು ಬರೆದ ಸಾಲು ಅದು, ಕಂಡಾಗಲೆಲ್ಲ ಕೋಪ ಬರುತ್ತದೆ.

ಮೊದಲನೆಯದರಲ್ಲಿ ಇನ್ನೊಂದು ಸಾಲು ಹುಡುಕಿ: ಯಾವ ಹಣ ಮೊದಲು ಹೋಗುತ್ತದೆ, ಯಾವ ಹಣದ ಆಟ ಎಣಿಕೆಗೆ ಬರುತ್ತದೆ. ಸ್ವಂತ ಹಣ ಮೊದಲು ಅಂತಿರುತ್ತದೆ. ಆ ಹಣದಲ್ಲಿ ಆಡಿದ್ದೂ ಸಾವಿರಕ್ಕೆ ಸೇರುತ್ತದಾ, ಇಲ್ಲ ಬೋನಸ್ ಹಣದಲ್ಲಿ ಆಡಿದ್ದು ಮಾತ್ರವಾ? ಚಾಟ್‌ನಲ್ಲಿ ಬರೆದು ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಾಗೇ ಸ್ಕ್ರಿಲ್, ನೆಟೆಲ್ಲರ್‌ನಂಥ ಇ-ವ್ಯಾಲೆಟ್‌ನಿಂದ ಹಣ ಹಾಕಿದರೆ ಬಹಳ ಕಡೆ ಬೋನಸ್ಸೇ ಬರುವುದಿಲ್ಲ, ಡೆಬಿಟ್ ಕಾರ್ಡ್ ಬಳಸಿ.

ಲೀಡ್ಸ್‌ವಾಸಿ
ಕೇಳಿದೆ. ಸ್ವಂತ ಹಣ ಮೊದಲು ಹೋಗುತ್ತದಂತೆ. ಎಣಿಕೆಗೆ ಬರುವುದು ಬೋನಸ್ ಹಣದ ಸ್ಪಿನ್ ಮಾತ್ರವಂತೆ. ಸ್ವಂತ ಹಣವನ್ನು ಯಾವಾಗ ಬೇಕಾದರೂ ತೆಗೆಯಬಹುದು, ಆದರೆ ತೆಗೆದರೆ ಬೋನಸ್ ರದ್ದು. ಅಂದರೆ 60 ಪೌಂಡ್ ಲೆಕ್ಕ ಬದಲಾಗುತ್ತದಾ?

ತಾಳೆಪಟ್ಟಿ
ಬಹಳವೇ ಬದಲಾಗುತ್ತದೆ. ನಾನು 60 ಅಂದದ್ದು 200ನ್ನೂ ಸೇರಿಸಿ ಆಡಿದರೆ, ಎಲ್ಲವೂ ಎಣಿಕೆಗೆ ಬಂದರೆ. ನಿಮ್ಮ ಷರತ್ತಿನಲ್ಲಿ ಬೋನಸ್ ಮುಟ್ಟಬೇಕಾದರೆ ಮೊದಲು ನಿಮ್ಮ 100 ಪೂರ್ತಿ ಸೊನ್ನೆಗೆ ಬರಬೇಕು. ಸೊನ್ನೆಗೆ ಬರಲಿಲ್ಲ ಅಂದರೆ ಬೋನಸ್ ಬರೀ ಪರದೆಯ ಮೇಲಿನ ಅಂಕಿ.

ಹೀಗೆ ಆಡುತ್ತೀರಿ ಅಂದುಕೊಳ್ಳೋಣ: ಸ್ವಂತ 100 ಇನ್ನೂರು ಆದರೆ ತೆಗೆದುಕೊಂಡು ಹೊರಡುವುದು, ಸೊನ್ನೆಯಾದರೆ ಬೋನಸ್ ಆಡುವುದು. ಈ ತೀರ್ಮಾನಕ್ಕೆ ಬರುವಷ್ಟರಲ್ಲಿ ಸುಮಾರು 400 ಪೌಂಡ್ ಮೊತ್ತದ ಸ್ಪಿನ್ ಆಗಿರುತ್ತದೆ ಅಂತ ಹಿಡಿಯುತ್ತೇನೆ. 96ರ ಆಟದಲ್ಲಿ ಅದಕ್ಕೆ 16 ಪೌಂಡ್ ಖರ್ಚು, ಸರಾಸರಿ 84 ಉಳಿಯಬೇಕು. ಕೊನೆಗೆ ಇರುವುದು ಇನ್ನೂರು ಇಲ್ಲವೇ ಸೊನ್ನೆ. ಸರಾಸರಿ 84 ಬರಬೇಕಾದರೆ ನೂರರಲ್ಲಿ 42 ಸಲ ಇನ್ನೂರು, 58 ಸಲ ಸೊನ್ನೆ. ಅಂದರೆ ಬೋನಸ್ ಕೈಗೆ ಸಿಗುವುದು 58 ಸಲ. ಆಗ ಅದರ ಬೆಲೆ 60, ಒಟ್ಟು ಸರಾಸರಿ 35ರ ಹತ್ತಿರ. ಅದರಲ್ಲಿ ಮೊದಲೇ ಕಳೆದ 16 ತೆಗೆಯಿರಿ. 19 ಪೌಂಡ್.

ಧಾರವಾಡಪೇಡಾ
ನೂರರ ಬೋನಸ್ ಹತ್ತೊಂಬತ್ತಕ್ಕ ಬಂತಲ್ರೀ!

ಒಂದೂಕಾಲು
400 ಅನ್ನುವುದು ಊಹೆ. ಏರಿಳಿತ ಕಡಿಮೆ ಇರುವ ಸ್ಲಾಟ್‌ನಲ್ಲಿ ಒಂದು ಪೌಂಡಿನ ಸ್ಪಿನ್ ಆಡಿದರೆ ಅದು ಸಾವಿರವೂ ದಾಟಬಹುದು, ಆಗ ಖರ್ಚು 40 ಮೇಲೆ. 5 ಪೌಂಡ್ ಸ್ಪಿನ್ ಆಡಿದರೆ ನಾನೂರಕ್ಕೂ ಕಡಿಮೆ. ಇನ್ನೊಂದು: ಬೋನಸ್ 100 ಮಾತ್ರ ಇಟ್ಟುಕೊಂಡು ಸಾವಿರ ಆಡುವಾಗ ಮಧ್ಯದಲ್ಲೇ ಖಾಲಿಯಾಗುವ ಸಲಗಳು ಹೆಚ್ಚು, ಹಾಗಾಗಿ ಬೋನಸ್‌ನ ಬೆಲೆ 60ಕ್ಕಿಂತ ತುಸು ಮೇಲೇ ಇರಬೇಕು.

ತಾಳೆಪಟ್ಟಿ
ಎರಡೂ ಸರಿ. ಆಟದ ಏರಿಳಿತ ತಿಳಿಯದೆ ನಿಖರ ಅಂಕಿ ಬರುವುದಿಲ್ಲ. 19 ಅನ್ನುವುದನ್ನು ಹದಿನೈದರಿಂದ ಇಪ್ಪತ್ತೈದರ ನಡುವೆ ಅಂತ ಓದಿಕೊಳ್ಳಿ ಅನ್ನೋಣವೆಂದರೆ, ಅದೂ 5 ಪೌಂಡ್ ಮಿತಿಯೊಳಗಿನ ದೊಡ್ಡ ಸ್ಪಿನ್‌ಗೆ ಮಾತ್ರ ನಿಲ್ಲುವ ಮಾತು. ಲೀಡ್ಸ್ ಅವರೇ, ಆಟದ ಒಳಗೆ ಆರ್‌ಟಿಪಿ ಎಷ್ಟಿದೆ ನೋಡಿದಿರಾ?

ಲೀಡ್ಸ್‌ವಾಸಿ
ಈಗ ತೆರೆದು ನೋಡಿದೆ. ನಿಯಮಗಳ ಪುಟದ ತೀರಾ ಕೊನೆಯಲ್ಲಿ, 94.

ಶರಾವತಿ_ಎಸ್
ತಾಳೆಪಟ್ಟಿಯವರ ದಾರಿಯಲ್ಲೇ ಹಾಕುತ್ತೇನೆ. 400ಕ್ಕೆ ಖರ್ಚು 24, ಉಳಿಯುವ ಸರಾಸರಿ 76. ನೂರರಲ್ಲಿ 38 ಸಲ ಇನ್ನೂರು, 62 ಸಲ ಸೊನ್ನೆ. ಬೋನಸ್‌ನ ಬೆಲೆ ಈಗ 40, ಅದರ 62 ಪರ್ಸೆಂಟ್ 24.80. ಮೊದಲಿನ 24 ಕಳೆದರೆ ಉಳಿಯುವುದು 80 ಪೆನ್ನಿ.

ಒಂದೂಕಾಲು
ನನ್ನ ತಿದ್ದುಪಡಿ ಸೇರಿಸಿದರೆ ಒಂದೆರಡು ಪೌಂಡ್ ಹೆಚ್ಚು ಬಂದೀತು. ಸ್ಪಿನ್ ಚಿಕ್ಕದಾದರೆ ಸೊನ್ನೆಗಿಂತ ಕೆಳಗೆ.

ಲೀಡ್ಸ್‌ವಾಸಿ
100 ಪೌಂಡ್ ಅಂತ ದೊಡ್ಡಕ್ಷರದಲ್ಲಿ ಬರೆದದ್ದಕ್ಕೆ 80 ಪೆನ್ನಿ. ಡೆಪಾಸಿಟ್ ಮಾಡಿಲ್ಲ, ಮಾಡುವುದೂ ಇಲ್ಲ. ಅದೇ ಸೈಟ್‌ನಲ್ಲಿ 96ರ ಸ್ಲಾಟ್ ಯಾವುದಾದರೂ ಬೋನಸ್ ಎಣಿಕೆಗೆ ಬರುತ್ತದಾ ಅಂತ ಚಾಟ್‌ನಲ್ಲಿ ಕೇಳಿದ್ದೆ, ಪಟ್ಟಿ ಕಳಿಸುತ್ತೇವೆ ಅಂದರು, ಇನ್ನೂ ಬಂದಿಲ್ಲ.